ಮಾತ್ರೆ ತಂದ ನಿದ್ದೆ

ಡಯಾಜೆಪಾಂ, ಅಲ್ಪ್ರಜೋಲಂನಂಥ ಮಾತ್ರೆ ನುಂಗಿದವರಿಗೆ ಬೇಗ ನಿದ್ದೆ ಹತ್ತುತ್ತದೆ, ನಡುರಾತ್ರಿ ಎಚ್ಚರವಾಗುವುದೂ ಕಡಿಮೆ. ಆದರೂ ಬೆಳಿಗ್ಗೆ ಎದ್ದಾಗ ಮೈ ಹಗುರಾಗಲಿಲ್ಲ ಎನ್ನುವವರಿದ್ದಾರೆ. ಆ ದೂರು ಬರೀ ಭ್ರಮೆಯಲ್ಲ.

ಸಹಜ ನಿದ್ದೆ ಹಗುರ, ಗಾಢ, ಕನಸಿನ ಹಂತಗಳನ್ನು ದಾಟುತ್ತ ಸುಮಾರು 90 ನಿಮಿಷಕ್ಕೊಂದು ಸುತ್ತು ಮುಗಿಸುತ್ತದೆ. ಈ ಮಾತ್ರೆಗಳು ಮಿದುಳಿನ ಚಟುವಟಿಕೆಗೆ ಕಡಿವಾಣ ಹಾಕುವ ‘ಗಾಬಾ’ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತವೆ. ರಾತ್ರಿಯಿಡೀ ಮಿದುಳಿನ ಅಲೆಗಳನ್ನು ದಾಖಲಿಸಿದರೆ ಹಗುರ ನಿದ್ದೆಯ ಎರಡನೇ ಹಂತ ಹಿಗ್ಗಿರುವುದೂ, ಗಾಢ ನಿದ್ದೆಯ ದೊಡ್ಡ, ನಿಧಾನ ಅಲೆಗಳು ಕುಗ್ಗಿರುವುದೂ ಕಾಣುತ್ತದೆ. ಕನಸಿನ ನಿದ್ದೆ ತಡವಾಗಿ ಬಂದು ಕಡಿಮೆಯಾಗುತ್ತದೆ. ಡಯಾಜೆಪಾಂ ರಕ್ತದಲ್ಲಿ ಬಹಳ ಹೊತ್ತು ಉಳಿಯುವುದರಿಂದ ಹಗಲಿನ ಮಂಪರು ಬೇರೆ.

ಹಾಗೆಂದು ತಟ್ಟನೆ ನಿಲ್ಲಿಸಿದರೆ ನಿದ್ದೆಗೇಡು ಮರಳಿ, ಕನಸುಗಳು ಮುಗಿಬೀಳುತ್ತವೆ. ಬಹುಕಾಲ ಸೇವಿಸಿದವರಿಗೆ ಫಿಟ್ಸ್ ಕೂಡ ಬರಬಹುದು. ಅದಕ್ಕೇ ವೈದ್ಯರು ಪ್ರಮಾಣವನ್ನು ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸುತ್ತಾರೆ.