ಇಂಟರ್‌ವ್ಯೂ 20ನೇ ತಾರೀಖು, ರಿಟರ್ನ್ ಕೂಡ ಅಂದೇ

ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುವವರ ಹತ್ತಿರ ತಿಂಗಳ 20ನೇ ತಾರೀಖಿನ ಸುದ್ದಿ ಎತ್ತಿದರೆ ಸಾಕು, ಮುಖ ಬಿಗಿಯಾಗುತ್ತದೆ. ಪ್ರತಿ ತಿಂಗಳೂ ರಿಟರ್ನ್ ಕೊಡುವ ವ್ಯಾಪಾರಗಳು ಹಿಂದಿನ ತಿಂಗಳ ತೆರಿಗೆ ಕಟ್ಟಿ ಜಿಎಸ್‌ಟಿಆರ್-3ಬಿ ಸಲ್ಲಿಸಲು ಅದೇ ಕೊನೆಯ ದಿನ. ಪೀಣ್ಯದ ಒಂದು ಸಣ್ಣ ಕಾರ್ಖಾನೆ, ಅಲ್ಲಿ ಇರುವುದು ಒಬ್ಬಳೇ ಅಕೌಂಟೆಂಟ್. ವೈಟ್‌ಫೀಲ್ಡಿನ ಕಂಪನಿಯೊಂದರಿಂದ ಆಕೆಗೆ 14ನೇ ತಾರೀಖು ಶುಕ್ರವಾರ ಮೇಲ್ ಬರುತ್ತದೆ: ಮೊದಲ ಸುತ್ತಿನ ಇಂಟರ್‌ವ್ಯೂ 20, ಗುರುವಾರ, ಬೆಳಿಗ್ಗೆ 11ಕ್ಕೆ, ಖುದ್ದಾಗಿ ಬರಬೇಕು. ಹೀಗಾಯಿತು ಎಂದಿಟ್ಟುಕೊಳ್ಳೋಣ. ಆಕೆ ಏನು ಮಾಡಬೇಕು?

ಮೊದಲು ನೋಡಬೇಕಾದದ್ದು ತನ್ನ ಗಡುವನ್ನೇ. ಕೆಲಸವನ್ನು 19ಕ್ಕೇ ಮುಗಿಸಿಬಿಡಬಹುದಾದರೆ ಯಾರನ್ನೂ ಏನೂ ಕೇಳಬೇಕಾಗಿಲ್ಲ. ಖರೀದಿಯ ಮೇಲೆ ಸಿಗುವ ಇನ್‌ಪುಟ್ ಕ್ರೆಡಿಟ್ಟಿನ ಪಟ್ಟಿ, ಅಂದರೆ ಜಿಎಸ್‌ಟಿಆರ್-2ಬಿ, 14ರ ಹೊತ್ತಿಗೆ ಪೋರ್ಟಲ್ಲಿನಲ್ಲಿ ಸಿಕ್ಕಿರುತ್ತದೆ. ಅದನ್ನು ನಮ್ಮ ಪುಸ್ತಕದೊಂದಿಗೆ ತಾಳೆ ನೋಡುವ ಕೆಲಸ ನಾಲ್ಕೈದು ದಿನದಲ್ಲಿ ಮುಗಿದೀತು. ಆದರೆ ಸಣ್ಣ ಕಾರ್ಖಾನೆಗಳಲ್ಲಿ ತಡವಾಗುವುದು ತಾಳೆಯಿಂದಲ್ಲ, ದುಡ್ಡಿನಿಂದ. ಗಿರಾಕಿಯ ಹಣ ಖಾತೆಗೆ ಬಂದ ಮೇಲೆಯೇ ಮಾಲೀಕರು ಚಲನ್ ಕಟ್ಟುವುದು, ತೆರಿಗೆ ಪೂರ್ತಿ ಕಟ್ಟದೆ 3ಬಿ ಸಲ್ಲಿಕೆಯಾಗುವುದಿಲ್ಲ. ಒಮ್ಮೆ ಸಲ್ಲಿಸಿದ 3ಬಿಯನ್ನು ತಿದ್ದಲೂ ಆಗುವುದಿಲ್ಲ. ಹೀಗಾಗಿ ಲೆಕ್ಕ ತಿಳಿದವರು ಕಡೆಯ ಗಳಿಗೆಯಲ್ಲಿ ಕುರ್ಚಿಯಲ್ಲಿ ಇರಲೇಬೇಕಾಗುತ್ತದೆ. ಪೀಣ್ಯದಿಂದ ವೈಟ್‌ಫೀಲ್ಡಿಗೆ ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಾಯಿಸಿ ಹೋದರೂ ಒಂದು ಗಂಟೆ ಮೀರುತ್ತದೆ. ಹೋಗಿ, ಕಾದು, ಮಾತಾಡಿ ಬರುವಷ್ಟರಲ್ಲಿ ಅರ್ಧ ದಿನ ಹೋಯಿತು. ಅಲ್ಲಿಗೆ ಈಕೆಯ ಗಡುವು ನಿಜವಾದದ್ದೇ.

ಆಮೇಲಿನದು, ಬದಲಾಗಬೇಕಾದದ್ದು ದಿನವೋ ಗಂಟೆಯೋ ಎಂಬುದು. ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ, ನೇರ ಬೇರೆ ದಿನ ಕೇಳಿಬಿಡುತ್ತಾರೆ. ಮೊದಲ ಸುತ್ತನ್ನು ವಿಡಿಯೊ ಕರೆಯಲ್ಲಿ ನಡೆಸಲು ಕಂಪನಿಗಳು ಸಾಮಾನ್ಯವಾಗಿ ಒಪ್ಪುತ್ತವೆ. ಅದೇ 20ರ ಬೆಳಿಗ್ಗೆ ಎಂಟೂವರೆಗೆ ಮನೆಯಿಂದಲೇ ಮಾತಾಡಿ ಹತ್ತಕ್ಕೆ ಆಫೀಸು ಸೇರುವುದು ಸಾಧ್ಯವಿದ್ದರೆ, ಕಂಪನಿಯ ದಿನವೂ ಕೆಡುವುದಿಲ್ಲ. ಆದರೆ ಕೊನೆಯ ದಿನದ ಆತಂಕ ತಲೆಯಲ್ಲಿ ಕುಣಿಯುತ್ತಿರುವಾಗ ಇಂಟರ್‌ವ್ಯೂ ಚೆನ್ನಾಗಿ ಆದೀತೇ ಎಂದೂ ಆಕೆ ಕೇಳಿಕೊಳ್ಳಬೇಕು. ನನ್ನನ್ನು ಕೇಳಿದರೆ, ಆಗದು ಎನ್ನುತ್ತೇನೆ.

ಇನ್ನು ದಿನ ಬದಲಾಯಿಸಲು ಕೇಳುವ ಬಗೆ. ಮೇಲ್‌ನೊಂದಿಗೆ ಬಂದ ಕ್ಯಾಲೆಂಡರ್ ಆಹ್ವಾನವನ್ನು ಸುಮ್ಮನೆ ನಿರಾಕರಿಸಿ ಬಿಟ್ಟರೆ ಆ ಕಡೆಯವರಿಗೆ ಕಾಣುವುದು, ಅಭ್ಯರ್ಥಿ ಬರುವುದಿಲ್ಲ ಎಂಬುದಷ್ಟೇ. ಎಚ್‌ಆರ್‌ನವರ ಕಷ್ಟ ನೋಡಿ: ಸಂದರ್ಶನ ಮಾಡುವ ಫೈನಾನ್ಸ್ ಮ್ಯಾನೇಜರ್ ಮತ್ತು ಇನ್ನೊಬ್ಬರು ಇಬ್ಬರಿಗೂ ಬಿಡುವಿರುವ ಹೊತ್ತು ಹುಡುಕಿ, ನಾಲ್ಕಾರು ಅಭ್ಯರ್ಥಿಗಳನ್ನು ಒಂದರ ಹಿಂದೊಂದು ಕೂರಿಸಿರುತ್ತಾರೆ. ಐದು ದಿನ ಮೊದಲೇ ತಿಳಿದರೆ ಆ ಜಾಗಕ್ಕೆ ಇನ್ನೊಬ್ಬರನ್ನು ಕರೆಯಬಹುದು. ಹಿಂದಿನ ರಾತ್ರಿ ಹೇಳಿದರೆ ಇಬ್ಬರು ಹಿರಿಯರ ಒಂದು ಗಂಟೆ ಖಾಲಿ ಹೋಗುತ್ತದೆ. ಆದ್ದರಿಂದ ಶುಕ್ರವಾರ ಮೇಲ್ ನೋಡಿದವಳು ಶುಕ್ರವಾರವೇ ಫೋನ್ ಮಾಡಬೇಕು. ಆಫೀಸಿನ ಫೋನಿನಿಂದಲ್ಲ, ಆಫೀಸಿನ ಮೇಲ್‌ನಿಂದಂತೂ ಅಲ್ಲವೇ ಅಲ್ಲ. ಊಟದ ಬಿಡುವಿನಲ್ಲಿ ಹೊರಗೆ ನಿಂತು, ಇಷ್ಟು ಹೇಳಿದರೆ ಸಾಕು:

"ನಮಸ್ತೆ ಮೇಡಂ, ಅಕೌಂಟ್ಸ್ ಕೆಲಸದ ಇಂಟರ್‌ವ್ಯೂಗೆ 20ನೇ ತಾರೀಖು ಕರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಅವತ್ತು ಜಿಎಸ್‌ಟಿ ರಿಟರ್ನಿಗೆ ಕೊನೇ ದಿನ, ಈಗಿನ ಕೆಲಸದಲ್ಲಿ ಅದು ನನ್ನದೇ ಜವಾಬ್ದಾರಿ. 24 ಸೋಮವಾರ ಅಥವಾ 25 ಮಂಗಳವಾರ ಯಾವ ಹೊತ್ತಿಗೆ ಹೇಳಿದರೂ ಬರ್ತೀನಿ. ಇದನ್ನೇ ಮೇಲ್‌ನಲ್ಲೂ ಹಾಕ್ತೀನಿ."

ಈ ಮಾತಿನಲ್ಲಿ ಕಾರಣ ಒಂದೇ ವಾಕ್ಯ. ಅದೂ ಊರಿಗೆಲ್ಲ ಗೊತ್ತಿರುವ ತಾರೀಖು. ಮಾಲೀಕರ ಕೈಗೆ ದುಡ್ಡು ಬರುವುದೇ 20ಕ್ಕೆ ಎಂದು ಬಾಯಿ ತಪ್ಪಿಯೂ ಹೇಳಬಾರದು; ಅದು ಅನ್ನ ಕೊಡುತ್ತಿರುವ ಸಂಸ್ಥೆಯ ಒಳಗಿನ ಸಂಗತಿ. ಹಾಗೆ ಹೇಳುವ ಅಕೌಂಟೆಂಟ್ ನಾಳೆ ನಮ್ಮ ಲೆಕ್ಕವನ್ನೂ ಹೊರಗೆ ಆಡಿಯಾಳು ಎಂದು ಆ ಕಡೆಯವರಿಗೆ ಅನ್ನಿಸಿದರೆ ತಪ್ಪಿಲ್ಲ. ಜ್ವರ, ಅಜ್ಜಿಯ ಸಾವು ಇಂಥವಂತೂ ಬೇಡವೇ ಬೇಡ. ಫೈನಾನ್ಸ್ ವಿಭಾಗದವರಿಗೆ 20ನೇ ತಾರೀಖೆಂದರೆ ಏನು ಎಂದು ವಿವರಿಸಬೇಕಿಲ್ಲ, ಅವರೂ ಅಂದು ಅದೇ ಒದ್ದಾಟದಲ್ಲಿ ಇರುತ್ತಾರೆ.

21, 22 ಬಿಟ್ಟು 24, 25 ಯಾಕೆ? ಸರ್ಕಾರದ ಗಡುವು ಕಡೆಯ ಕ್ಷಣದಲ್ಲಿ ಜರುಗುವುದುಂಟು. 2025ರ ಜನವರಿಯಲ್ಲಿ ಪೋರ್ಟಲ್ ಕೈಕೊಟ್ಟು 3ಬಿಯ ಗಡುವು 20ರಿಂದ 22ಕ್ಕೆ ಹೋಯಿತು. ಅದೇ ವರ್ಷ ಆದಾಯ ತೆರಿಗೆ ರಿಟರ್ನಿನ ಸೆಪ್ಟೆಂಬರ್ 15ರ ಗಡುವು ಕಡೆಯ ರಾತ್ರಿ ಒಂದು ದಿನ ಮುಂದೆ ಹೋಯಿತು. ಗಡುವಿನ ಮರುದಿನವನ್ನೇ ಇಂಟರ್‌ವ್ಯೂಗೆ ಹಿಡಿದುಕೊಂಡವರು ಅಂಥ ಹೊತ್ತಿನಲ್ಲಿ ಎರಡನೇ ಸಲ ದಿನ ಬದಲಾಯಿಸಿ ಎಂದು ಕೇಳಬೇಕಾಗುತ್ತದೆ. ಮೊದಲ ಸಲ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಎರಡನೇ ಸಲಕ್ಕೆ ಮಾತ್ರ ಆಸಕ್ತಿ ಇಲ್ಲವೆಂದೇ ತಿಳಿಯುತ್ತಾರೆ.

ಕರೆ ಬಂದದ್ದು ಕನ್ಸಲ್ಟೆನ್ಸಿಯ ಮೂಲಕವಾದರೆ ಇನ್ನೂ ಸ್ವಲ್ಪ ಎಚ್ಚರ ಬೇಕು. ನಡುವಿನವರು "ಸರಿ, ಹೇಳ್ತೀನಿ" ಎಂದದ್ದು ಕಂಪನಿಯವರೆಗೆ ಮುಟ್ಟದೆ ಹೋಗಬಹುದು. 20ರಂದು ಅಲ್ಲಿ ಕಾದವರು ಅಭ್ಯರ್ಥಿ ಬರಲೇ ಇಲ್ಲ ಎಂದು ಬರೆದುಕೊಳ್ಳುತ್ತಾರೆ. ಹೊಸ ದಿನ, ಹೊತ್ತು ನಮೂದಾದ ಆಹ್ವಾನ ಕೈಗೆ ಬರುವವರೆಗೆ ಹಳೆಯದು ಜಾರಿಯಲ್ಲಿದೆ ಎಂದೇ ಹಿಡಿಯಬೇಕು. ಮಂಗಳವಾರದ ಹೊತ್ತಿಗೂ ಅದು ಬರದಿದ್ದರೆ ಇನ್ನೊಂದು ಫೋನ್ ಮಾಡಬೇಕು.

ಎಲ್ಲ ಕಡೆಯೂ ಇದು ನಡೆಯುವುದಿಲ್ಲ. ವಾಕ್-ಇನ್ ಇಂಟರ್‌ವ್ಯೂ ಎಂದರೆ ಬಂದವರಿಗೆ ಮಾತ್ರ. ಬೇರೆ ಊರಿನಿಂದ ನಿರ್ದೇಶಕರು ಒಂದು ದಿನಕ್ಕೆಂದು ಬರುವ ಕೊನೆಯ ಸುತ್ತಿನಲ್ಲೂ ದಿನ ಬದಲಾಯಿಸುವುದು ಕಷ್ಟ. "20ಕ್ಕೆ ಆಗದಿದ್ದರೆ ಬಿಡಿ" ಎಂದರು ಎನ್ನಿ. ಆಗ ಗಡುವಿನ ನಿಜವಾದ ಬೆಲೆ ಎಷ್ಟು ಎಂದು ನೋಡಬೇಕು. 3ಬಿ ಒಂದು ದಿನ ತಡವಾದರೆ ವಿಳಂಬ ಶುಲ್ಕ 50 ರೂಪಾಯಿ, ಜೊತೆಗೆ ನಗದಾಗಿ ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ. ಎರಡು ಲಕ್ಷ ರೂಪಾಯಿ ತೆರಿಗೆಗೆ ಒಂದು ದಿನದ ಬಡ್ಡಿ ಸುಮಾರು 99 ರೂಪಾಯಿ. ಎರಡೂ ಸೇರಿ 150ರ ಆಸುಪಾಸು. ಅದೇ ತೆರಿಗೆ ಆಡಿಟ್ ವರದಿಯ ಗಡುವು ತಪ್ಪಿದರೆ ದಂಡ ಒಂದೂವರೆ ಲಕ್ಷದವರೆಗೆ ಹೋಗಬಹುದು.

ನೂರೈವತ್ತು ರೂಪಾಯಿಯ ಮಾತು ತಾನೇ ಎಂದು ಆಕೆ ತನ್ನಷ್ಟಕ್ಕೇ ತೀರ್ಮಾನಿಸಿ ಹೊರಟುಬಿಡುವುದು ಮಾತ್ರ ಸರಿಯಲ್ಲ, ಯಾಕೆಂದರೆ ತಡಮಾಡುವ ತೀರ್ಮಾನ ಮಾಲೀಕರದ್ದು. ಅವರ ಬಳಿ ಬೇರೆ ಕೆಲಸ ಹುಡುಕುತ್ತಿದ್ದೇನೆ ಎಂದು ಬಾಯಿ ಬಿಡಬೇಕಾಗಿಲ್ಲ. "ಗುರುವಾರ ಅರ್ಧ ದಿನ ಸ್ವಂತ ಕೆಲಸಕ್ಕೆ ರಜೆ ಬೇಕು ಸರ್, 3ಬಿ ಪೂರ್ತಿ ತಯಾರಿಟ್ಟಿರ್ತೀನಿ. ದುಡ್ಡು ಬುಧವಾರವೇ ಬಂದರೆ ಅವತ್ತೇ ಹಾಕೋಣ, ಇಲ್ಲದಿದ್ದರೆ ಗುರುವಾರ ಮಧ್ಯಾಹ್ನದ ಮೇಲೆ ಬಂದು ಮುಗಿಸ್ತೀನಿ" ಎಂದು ಸೋಮವಾರವೇ ಕೇಳಬಹುದು. ಸಲ್ಲಿಕೆಗೆ ರಾತ್ರಿ ಹನ್ನೆರಡರವರೆಗೆ ಸಮಯವಿದೆ, ಆದರೆ ಕೊನೆಯ ಸಂಜೆ ಪೋರ್ಟಲ್ ತೆವಳುತ್ತದೆ ಎಂಬುದು ಇಬ್ಬರಿಗೂ ಗೊತ್ತು. ಆ ಅಪಾಯವನ್ನು ತಿಳಿದೂ ಮಾಲೀಕರು ಹೂಂ ಎಂದರೆ ಆಕೆ 11ರ ಇಂಟರ್‌ವ್ಯೂಗೆ ಹೋಗಬಹುದು. ಆಗಲ್ಲ ಎಂದರೆ ಈ ಒಂದು ಕರೆಯನ್ನು ಬಿಡಬೇಕಾಗುತ್ತದೆ. ಎಚ್‌ಆರ್‌ಗೆ ಅಂದೇ ಫೋನ್ ಮಾಡಿ ತಿಳಿಸಿ, ಮುಂದೆ ಜಾಗ ಖಾಲಿಯಾದಾಗ ತನ್ನನ್ನೂ ಕರೆಯುವಂತೆ ಕೇಳಿಡಬೇಕು.