ಸೈಲೆಂಟ್‌ನಲ್ಲಿದ್ದರೂ ಕೂಗಬೇಕಾದ ಎಚ್ಚರಿಕೆ

2023ರ ಅಕ್ಟೋಬರ್ 12, ಗುರುವಾರ. ಹಗಲು ಹೊತ್ತಿನಲ್ಲಿ ಕರ್ನಾಟಕದ ಅಸಂಖ್ಯ ಮೊಬೈಲ್‌ಗಳು ಹಿಂದೆಂದೂ ಕೇಳದ ಸದ್ದಿನಲ್ಲಿ ಒಮ್ಮೆಗೇ ಕಿರುಚಿಕೊಂಡವು. ಸೈಲೆಂಟ್‌ನಲ್ಲಿದ್ದ ಫೋನ್‌ಗಳೂ ಸುಮ್ಮನಿರಲಿಲ್ಲ. ದೂರಸಂಪರ್ಕ ಇಲಾಖೆ ಮತ್ತು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಸೇರಿ ನಡೆಸಿದ ಪರೀಕ್ಷೆ ಅದು. ಇದು ಮಾದರಿ ಸಂದೇಶ, ನೀವೇನೂ ಮಾಡಬೇಕಾಗಿಲ್ಲ ಎಂದು ಪರದೆಯ ಮೇಲೆಯೇ ಬರೆದಿತ್ತು. ಆ ದಿನ ಬೆಚ್ಚಿಬಿದ್ದವರಲ್ಲಿ ಬಹುತೇಕರು, ಮುಂದೆ ನೆರೆ ಬಂದರೂ ಚಂಡಮಾರುತ ಬಂದರೂ ಫೋನ್ ಹೀಗೆಯೇ ಎಬ್ಬಿಸುತ್ತದೆ ಎಂದುಕೊಂಡು ಸಮಾಧಾನಪಟ್ಟರು.

ಆದರೆ ಮಳೆಗಾಲದಲ್ಲಿ ನಮಗೆ ಬರುವ ಸರ್ಕಾರಿ ಎಚ್ಚರಿಕೆಗಳಲ್ಲಿ ಹೆಚ್ಚಿನವು ಆ ದಾರಿಯಲ್ಲಿ ಬರುವುದಿಲ್ಲ. "ಮುಂದಿನ ಕೆಲವು ಗಂಟೆಗಳಲ್ಲಿ ಗುಡುಗು ಸಹಿತ ಭಾರಿ ಮಳೆ ಸಾಧ್ಯತೆ" ಎಂಬಂಥ ಸಂದೇಶ ಸಾಮಾನ್ಯ ಎಸ್‌ಎಂಎಸ್ ಆಗಿ ಬರುತ್ತದೆ. ಬ್ಯಾಂಕಿನ ಮೆಸೇಜಿಗೆ ಎಷ್ಟು ಸದ್ದೋ ಅದಕ್ಕೂ ಅಷ್ಟೇ ಸದ್ದು. ಫೋನ್ ಸೈಲೆಂಟ್ ಇದ್ದರೆ ಅದೂ ಸೈಲೆಂಟ್. ಈ ಎರಡು ದಾರಿಗಳ ನಡುವಿನ ವ್ಯತ್ಯಾಸ ತಿಳಿದಿದ್ದರೆ, ಯಾವ ಸೆಟ್ಟಿಂಗ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಎರಡು ದಾರಿ

ಮೊದಲನೆಯದು ಎಸ್‌ಎಂಎಸ್ ದಾರಿ. ಹವಾಮಾನ ಇಲಾಖೆ, ಕೇಂದ್ರ ಜಲ ಆಯೋಗದಂಥ ಸಂಸ್ಥೆಗಳು ಕೊಡುವ ಮುನ್ಸೂಚನೆಯನ್ನು ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ವ್ಯವಸ್ಥೆ, ಅಪಾಯವಿರುವ ಪ್ರದೇಶದಲ್ಲಿರುವ ಮೊಬೈಲ್ ನಂಬರುಗಳಿಗೆ ಆಯಾ ಭಾಷೆಯಲ್ಲಿ ಕಳಿಸುತ್ತದೆ. ಒಂದೊಂದು ನಂಬರಿಗೂ ಬೇರೆ ಬೇರೆಯಾಗಿ ಹೋಗಬೇಕಾದ್ದರಿಂದ, ನೆಟ್‌ವರ್ಕ್ ಕಿಕ್ಕಿರಿದ ಹೊತ್ತಿನಲ್ಲಿ ತಡವಾಗಬಹುದು.

ಎರಡನೆಯದು ಸೆಲ್ ಬ್ರಾಡ್‌ಕಾಸ್ಟ್. ಊರಲ್ಲಿ ಡಂಗುರ ಸಾರುವವನಿಗೆ ಯಾರ ಮನೆಯಲ್ಲಿ ಯಾರಿದ್ದಾರೆಂದು ಗೊತ್ತಿರಬೇಕಿಲ್ಲ, ಚಾವಡಿಯಲ್ಲಿ ನಿಂತು ಬಾರಿಸಿದರೆ ಸುತ್ತಲಿನವರಿಗೆಲ್ಲ ಕೇಳಿಸುತ್ತದೆ. ಟವರ್ ಮಾಡುವುದೂ ಅದನ್ನೇ. ನಂಬರುಗಳ ಪಟ್ಟಿಯಿಲ್ಲದೆ, ತನ್ನ ವ್ಯಾಪ್ತಿಯಲ್ಲಿರುವ ಎಲ್ಲ ಫೋನ್‌ಗಳಿಗೂ ಒಂದೇ ಸಲ ಸಂದೇಶ ಬಿತ್ತರಿಸುತ್ತದೆ. ಕರೆಗಳ ದಟ್ಟಣೆ ಇದಕ್ಕೆ ಅಡ್ಡಿಯಾಗದು, ಇಂಟರ್ನೆಟ್ ಪ್ಯಾಕ್ ಬೇಕಿಲ್ಲ. ಬೇರೆ ರಾಜ್ಯದಿಂದ ಬಂದ ಪ್ರವಾಸಿಯ ಫೋನಿಗೂ ಸಿಗುತ್ತದೆ. ಸೈಲೆಂಟ್ ಮುರಿದು ಕೂಗುವ ಶಕ್ತಿ ಇರುವುದು ಈ ಎರಡನೆಯ ದಾರಿಗೆ ಮಾತ್ರ.

ಚಿಕ್ಕಮ್ಮನ ಫೋನಿನೊಳಗೆ

ಪಯಸ್ವಿನಿಯ ಹತ್ತಿರ, ಸುಳ್ಯದ ಕಡೆ ಇರುವ ಚಿಕ್ಕಮ್ಮ ಹೊಸ ಆಂಡ್ರಾಯ್ಡ್ ಫೋನ್ ತೆಗೆದುಕೊಂಡಿದ್ದರು. ಎಚ್ಚರಿಕೆಯ ಸೆಟ್ಟಿಂಗ್ ನೋಡೋಣ ಎಂದಾಗ ಅವರು ಹೇಳಿದ್ದು, "ಮಳೆಯ ಮೆಸೇಜು ಬರ್ತಾ ಉಂಟಲ್ಲ, ಮತ್ತೆಂತ ನೋಡುವುದು?" ಬರುತ್ತಿದ್ದುದು ಎಸ್‌ಎಂಎಸ್. ಎರಡನೆಯ ದಾರಿ ತೆರೆದಿದೆಯೇ ಎಂಬುದನ್ನು ಬೇರೆಯಾಗಿಯೇ ನೋಡಬೇಕಿತ್ತು.

Settings ತೆರೆದು, ಮೇಲಿನ ಹುಡುಕುವ ಜಾಗದಲ್ಲಿ emergency alerts ಎಂದು ಬರೆದೆವು. ಒಂದೊಂದು ಕಂಪನಿಯ ಫೋನಿನಲ್ಲಿ ಈ ಪುಟ ಒಂದೊಂದು ಕಡೆ ಅಡಗಿರುತ್ತದೆ. ಹೆಚ್ಚಾಗಿ Safety & emergency ಒಳಗೆ, ಕೆಲವು ಫೋನ್‌ಗಳಲ್ಲಿ Messages ಆ್ಯಪ್‌ನ ಸೆಟ್ಟಿಂಗ್ಸ್ ಒಳಗೆ. ಹಾಗಾಗಿ ಹುಡುಕುವುದೇ ಸುಲಭ. Wireless emergency alerts ಎಂಬ ಪುಟ ಸಿಕ್ಕಿತು. ಅಲ್ಲಿ Allow alerts ಆನ್ ಇತ್ತು. ಇದು ಮುಖ್ಯ ಸ್ವಿಚ್ಚು, ಇದು ಆಫ್ ಇದ್ದರೆ ಕೆಳಗಿನ ಉಳಿದವು ಇದ್ದೂ ಪ್ರಯೋಜನವಿಲ್ಲ. Extreme threats, Severe threats ಎರಡೂ ಆನ್ ಇದ್ದವು. ಪರೀಕ್ಷಾ ಸಂದೇಶಗಳ ಆಯ್ಕೆ ಮಾತ್ರ ಆಫ್ ಇತ್ತು. ಅದನ್ನು ಆನ್ ಮಾಡಿದೆವು.

ಇನ್ನೂ ಕೆಳಗೆ Always alert at full volume ಎಂಬ ಸಾಲಿತ್ತು. ಸೈಲೆಂಟ್‌ನ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಸಾಮಾನ್ಯವಾಗಿ ಯಾರ ಅಪ್ಪಣೆಗೂ ಕಾಯದೆ ಜೋರಾಗಿ ಕೂಗುತ್ತದೆ. ಅದಕ್ಕಿಂತ ಕೆಳಗಿನ ದರ್ಜೆಯವು ಮಾತ್ರ ಫೋನ್ ಸೈಲೆಂಟ್ ಇದ್ದರೆ ಸುಮ್ಮನಾಗಬಹುದು. ಈ ಸಾಲನ್ನು ಆನ್ ಮಾಡಿದರೆ ಅವೂ ಸೈಲೆಂಟನ್ನಾಗಲಿ, Do Not Disturb ಅನ್ನಾಗಲಿ ಲೆಕ್ಕಿಸದೆ ಪೂರ್ತಿ ಸದ್ದು ಮಾಡುತ್ತವೆ. ಚಿಕ್ಕಮ್ಮನ ಫೋನಿನಲ್ಲಿ ಅದು ಆಫ್ ಇತ್ತು. ಎಲ್ಲ ಫೋನ್‌ಗಳಲ್ಲೂ ಈ ಸಾಲು ಕಾಣಿಸುವುದಿಲ್ಲ. ಕಂಡರೆ ಆನ್ ಮಾಡಿಬಿಡಿ. ಅದರ ಜೊತೆಗಿದ್ದ Speak alert message ಅನ್ನೂ ಒತ್ತಿದೆವು. ಕನ್ನಡಕವಿಲ್ಲದ ನಡುರಾತ್ರಿಯಲ್ಲಿ ಸಂದೇಶವನ್ನು ಫೋನೇ ಓದಿ ಹೇಳುವುದು ಸಣ್ಣ ಅನುಕೂಲವಲ್ಲ.

ಐಫೋನ್‌ನಲ್ಲಿ Settings ಒಳಗೆ Notifications ತೆರೆದು ತೀರಾ ಕೆಳಗೆ ಹೋಗಬೇಕು. ಸರ್ಕಾರಿ ಎಚ್ಚರಿಕೆಗಳ ಸ್ವಿಚ್ಚುಗಳು ಇರುವುದು ಅಲ್ಲಿ. ಕೀಪ್ಯಾಡ್ ಫೋನ್ ಇರುವವರು Messages ಒಳಗಿನ ಸೆಟ್ಟಿಂಗ್ಸ್‌ನಲ್ಲಿ Cell broadcast ಅಥವಾ Info messages ಎಂಬುದನ್ನು ನೋಡಬೇಕು. ಬ್ರಾಡ್‌ಕಾಸ್ಟ್ 2ಜಿಯಲ್ಲೂ ನಡೆಯುತ್ತದೆ. ಆದರೆ ಹಳೆಯ ಕೀಪ್ಯಾಡ್ ಫೋನ್ ಅದನ್ನು ಮಾಮೂಲಿ ಮೆಸೇಜಿನಂತೆ ತೋರಿಸಬಹುದು, ಅದು ಸೈಲೆಂಟ್ ಮುರಿಯುತ್ತದೆಂದು ನಂಬಿ ಕೂರುವಂತಿಲ್ಲ.

ಸದ್ದು ಬರುತ್ತದೆಂದು ತಿಳಿಯುವುದು ಹೇಗೆ?

ನಮಗೆ ನಾವೇ ಒಂದು ಬ್ರಾಡ್‌ಕಾಸ್ಟ್ ಕಳಿಸಿ ನೋಡಲು ಬರುವುದಿಲ್ಲ. ಆದರೂ ಮೂರು ಸುಳಿವುಗಳಿವೆ. ಕೆಲವು ಫೋನ್‌ಗಳ ಅದೇ ಪುಟದಲ್ಲಿ ಎಚ್ಚರಿಕೆಯ ಸದ್ದನ್ನು ಮೊದಲೇ ಕೇಳಿಸುವ ಆಯ್ಕೆ ಇರುತ್ತದೆ. ಅದನ್ನು ಒತ್ತಿ, ಮನೆಯವರೆಲ್ಲರಿಗೂ ಒಮ್ಮೆ ಕೇಳಿಸಿ. ಆ ಸದ್ದಿನ ಗುರುತು ಇಲ್ಲದವರು ಅಪವೇಳೆಯಲ್ಲಿ ಗಾಬರಿಯಿಂದ ಅದನ್ನು ಆಫ್ ಮಾಡಿ ಮಲಗಿಬಿಡುತ್ತಾರೆ. ಎರಡನೆಯದು Emergency alert history. ಆ ಫೋನಿಗೆ ಈವರೆಗೆ ಬಂದ ಬ್ರಾಡ್‌ಕಾಸ್ಟ್‌ಗಳು ಅಲ್ಲಿ ಸಾಲಾಗಿ ಇರುತ್ತವೆ. ಹಳೆಯ ಪರೀಕ್ಷಾ ಸಂದೇಶ ಅಲ್ಲಿ ಕಂಡರೆ, ಟವರಿನಿಂದ ಫೋನಿನವರೆಗಿನ ದಾರಿ ಸರಿಯಿದೆ ಎಂದರ್ಥ. ಹೊಸ ಫೋನ್ ಆಗಿದ್ದರೆ ಖಾಲಿ ಇರುವುದು ಸಹಜ. ಮೂರನೆಯದು ಮುಂದಿನ ಸರ್ಕಾರಿ ಪರೀಕ್ಷೆ. ಪರೀಕ್ಷೆಯ ದಿನಾಂಕ ಪ್ರಕಟವಾದರೆ ಅಂದು ಫೋನನ್ನು ಬೇಕೆಂದೇ ಸೈಲೆಂಟ್‌ನಲ್ಲಿಟ್ಟು ಕಾಯಿರಿ. ಪಕ್ಕದವರ ಫೋನ್ ಕೂಗಿ ನಿಮ್ಮದು ಸುಮ್ಮನಿದ್ದರೆ ದೋಷ ಎಲ್ಲಿದೆಯೆಂದು ಹುಡುಕಲು ಅದೇ ಒಳ್ಳೆಯ ಸಮಯ.

ರಾತ್ರಿಯ ಎಸ್‌ಎಂಎಸ್ ಕೇಳಿಸಬೇಕಾದರೆ

ಇನ್ನು ಮೊದಲನೆಯ ದಾರಿ. ಇಲ್ಲಿ ಹೆಚ್ಚಿನವರನ್ನು ಎಡವಿಸುವುದು ಸೈಲೆಂಟ್ ಮತ್ತು Do Not Disturb ಎರಡೂ ಒಂದೇ ಎಂಬ ಭಾವನೆ. ಆಂಡ್ರಾಯ್ಡ್‌ನಲ್ಲಿ ಸೈಲೆಂಟ್ ಎಂದರೆ ರಿಂಗಿನ ಸದ್ದೇ ಸೊನ್ನೆ. ಆಗ ಯಾವ ಆ್ಯಪ್‌ಗೆ ವಿನಾಯಿತಿ ಕೊಟ್ಟರೂ ಕೇಳಿಸಲು ಸದ್ದೇ ಇರುವುದಿಲ್ಲ. Do Not Disturb ಹಾಗಲ್ಲ. ರಿಂಗಿನ ಸದ್ದು ಪೂರ್ತಿ ಇದ್ದರೂ, ನಾವು ಹೆಸರಿಸಿದವರನ್ನು ಬಿಟ್ಟು ಉಳಿದವರನ್ನು ಬಾಗಿಲಲ್ಲೇ ತಡೆಯುತ್ತದೆ.

ಆರೆಂಜ್ ಅಥವಾ ರೆಡ್ ಅಲರ್ಟ್ ಇರುವ ರಾತ್ರಿ ಸೈಲೆಂಟ್ ಬಿಡಿ. ರಿಂಗಿನ ಸದ್ದು ಏರಿಸಿ Do Not Disturb ಹಾಕಿ. ಅದರ ಸೆಟ್ಟಿಂಗ್ಸ್‌ನಲ್ಲಿ Messages ಆ್ಯಪ್‌ಗೂ, ಸಚೇತ್ ಆ್ಯಪ್ ಹಾಕಿಕೊಂಡಿದ್ದರೆ ಅದಕ್ಕೂ, ಜೊತೆಗೆ ಎತ್ತರದ ಜಾಗದಲ್ಲಿರುವ ನೆರೆಯವರೊಬ್ಬರ ಕರೆಗೂ ಅನುಮತಿ ಕೊಡಿ. ಐಫೋನ್‌ನಲ್ಲಿ ಆ ನೆರೆಯವರ ಹೆಸರು ತೆರೆದು, Edit ಒತ್ತಿ, Ringtone ಒಳಗೆ Emergency Bypass ಆನ್ ಮಾಡಿದರೆ ಸೈಲೆಂಟ್‌ನಲ್ಲೂ ಅವರ ಕರೆ ರಿಂಗಾಗುತ್ತದೆ.

ಭೂಕಂಪದ ಲೆಕ್ಕ ಬೇರೆ

ಚಂಡಮಾರುತ ದಿನಗಳ ಮೊದಲು ಕಾಣಿಸುತ್ತದೆ. ಜಲಾಶಯದಿಂದ ಬಿಟ್ಟ ನೀರು ಗಂಟೆಗಳ ಮೊದಲು ಗೊತ್ತಾಗುತ್ತದೆ. ಭೂಕಂಪಕ್ಕೆ ಸಿಗುವುದು ಸೆಕೆಂಡುಗಳು ಮಾತ್ರ. ನೆಲ ಬಿರಿದಾಗ ಮೊದಲು ಹೊರಡುವ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ. ವೇಗದಲ್ಲಿ ಬರುತ್ತದೆ, ಹೆಚ್ಚು ಹಾನಿ ಮಾಡುವ ಎರಡನೆಯದು ಸುಮಾರು 3.5 ಕಿ.ಮೀ. ವೇಗದಲ್ಲಿ. 100 ಕಿ.ಮೀ. ದೂರದ ಊರಿಗೆ ಮೊದಲನೆಯದು 17 ಸೆಕೆಂಡಿನಲ್ಲಿ, ಎರಡನೆಯದು 29 ಸೆಕೆಂಡಿನಲ್ಲಿ ಮುಟ್ಟುತ್ತದೆ. ಕೇಂದ್ರದ ಹತ್ತಿರವಿದ್ದ ಯಂತ್ರ ಕಂಪನವನ್ನು ಗುರುತಿಸಿ ಸಂದೇಶ ಕಳಿಸುವಷ್ಟರಲ್ಲಿ ಉಳಿಯುವ ಕೆಲವೇ ಸೆಕೆಂಡುಗಳಲ್ಲಿ ಮೇಜಿನ ಕೆಳಗೆ ನುಸುಳಬಹುದು, ಅಷ್ಟೇ. ಕೇಂದ್ರಕ್ಕೆ ತೀರಾ ಹತ್ತಿರವಿದ್ದವರಿಗೆ ಅದೂ ಸಿಗದು.

ಇಂಥ ಎಚ್ಚರಿಕೆಗೆ ಉತ್ತರಾಖಂಡ ಸರ್ಕಾರ ಮತ್ತು ಐಐಟಿ ರೂರ್ಕಿಯ 'ಭೂದೇವ್' ಆ್ಯಪ್ ಇದೆ. ಚಾರ್‌ಧಾಮ್‌ಗೆ ಹೋಗುವ ನಮ್ಮವರು ಹೊರಡುವ ಮುನ್ನ ಅದನ್ನು ಹಾಕಿಕೊಳ್ಳಬಹುದು. ಆಂಡ್ರಾಯ್ಡ್‌ನಲ್ಲೇ ಇರುವ Earthquake alerts ಗೂಗಲ್‌ನದ್ದು. ಭಾರತದಲ್ಲಿ ಅದು 2023ರಲ್ಲಿ ವಿಪತ್ತು ನಿರ್ವಹಣಾ ಪ್ರಾಧಿಕಾರದ ಜೊತೆ ಸಮಾಲೋಚಿಸಿ ಆರಂಭವಾಯಿತು. ಇಂಟರ್ನೆಟ್ ಮತ್ತು ಲೊಕೇಶನ್ ಆನ್ ಇರಬೇಕು. ಅದರಲ್ಲಿ ಎರಡು ದರ್ಜೆ: ಜೋರಾದ ನಡುಕಕ್ಕೆ Take Action, ಇದು Do Not Disturb ಮುರಿದು ಕೂಗುತ್ತದೆ. ಹಗುರ ನಡುಕಕ್ಕೆ Be Aware, ಇದು ಮುರಿಯುವುದಿಲ್ಲ.

ಈ ವ್ಯತ್ಯಾಸದ ಬೆಲೆ ಏನೆಂದು ಟರ್ಕಿಯಲ್ಲಿ ತಿಳಿಯಿತು. 2023ರ ಫೆಬ್ರವರಿ 6ರಂದು ಬೆಳಗಿನ ಜಾವ 4.17ಕ್ಕೆ ಭೂಮಿ ನಡುಗಿದಾಗ ವ್ಯವಸ್ಥೆ ಅದರ ಬಲವನ್ನು ಕಡಿಮೆ ಅಂದಾಜು ಮಾಡಿತು. ಸುಮಾರು ಒಂದು ಕೋಟಿ ಜನರಿಗೆ ಹೋಗಬಹುದಾಗಿದ್ದ ಜೋರಿನ ಎಚ್ಚರಿಕೆ ಮುಟ್ಟಿದ್ದು 469 ಮಂದಿಗೆ ಎಂದು ಗೂಗಲ್ಲೇ ಆಮೇಲೆ ಒಪ್ಪಿಕೊಂಡಿತು. ಸುಮಾರು ಐದು ಲಕ್ಷ ಮಂದಿಗೆ ಹೋದದ್ದು ಹಗುರ ದರ್ಜೆಯದು. ಅದು ಮಲಗಿದವರನ್ನು ಎಬ್ಬಿಸುವಂಥದ್ದಲ್ಲ.

ನಮ್ಮಲ್ಲಿ 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ, 2022ರ ಮಳೆಗಾಲದಲ್ಲಿ ಕೊಡಗು–ಸುಳ್ಯದ ಗಡಿ ಊರುಗಳು ಕಂಡ ಸಣ್ಣ ನಡುಕಗಳಿಗೆ ಈ ವ್ಯವಸ್ಥೆ ಎಚ್ಚರಿಸುವುದೇ ಇಲ್ಲ. ಅದು ಕದಲುವುದು 4.5 ಮತ್ತು ಅದಕ್ಕೂ ಹೆಚ್ಚಿನ ತೀವ್ರತೆಗೆ. ಗೋಡೆ ಅಲುಗಿತು, ಫೋನ್ ಸುಮ್ಮನಿತ್ತು ಎಂದರೆ ಫೋನ್ ಕೆಟ್ಟಿದೆ ಎಂದಲ್ಲ.

ಎಲ್ಲಿ ಕೈಕೊಡುತ್ತದೆ?

ಬ್ರಾಡ್‌ಕಾಸ್ಟ್ ಬರುವುದು ಟವರಿನಿಂದ. ರಾತ್ರಿ ಫ್ಲೈಟ್ ಮೋಡ್ ಹಾಕಿ ಮಲಗುವವರಿಗೆ, ವೈಫೈ ಮಾತ್ರ ಸಿಗುವ ಮನೆಯವರಿಗೆ ಅದು ಮುಟ್ಟದು. ಟವರಿನ ವ್ಯಾಪ್ತಿ ದಾಟಿದ ದೋಣಿಗಳಿಗೂ ಮುಟ್ಟದು. ಕಡಲಿಗೆ ಇಳಿಯುವ ಮೊದಲೇ ದಡದಲ್ಲಿ ಎಚ್ಚರಿಕೆ ನೋಡಬೇಕಾದದ್ದು ಇದಕ್ಕೇ. ಘಟ್ಟದ ತಪ್ಪಲಲ್ಲಿ ಕರೆಂಟು ಹೋಗಿ ಕೆಲವು ಗಂಟೆ ಕಳೆದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಆಮೇಲೆ ಎಷ್ಟೇ ಸರಿಯಾಗಿ ಸೆಟ್ಟಿಂಗ್ ಮಾಡಿದ ಫೋನಾದರೂ ಮೂಕವೇ. ಪರದೆಯಲ್ಲಿ ಸಿಗ್ನಲ್ ಗೀಟುಗಳು ಮಾಯವಾದದ್ದನ್ನು ಕಂಡರೆ, ಇನ್ನು ಎಚ್ಚರಿಕೆ ಬರಲಾರದು ಎಂದೇ ತಿಳಿದು ರೇಡಿಯೊ ಹಾಕಿ. ಹೊಳೆ ಏರುತ್ತಿದ್ದರೆ, ಗುಡ್ಡದಿಂದ ಕೆಸರು ನೀರು ಇಳಿಯುತ್ತಿದ್ದರೆ, ಸದ್ದಿಗೆ ಕಾಯದೆ ಹೊರಡಿ.

ಸಂದೇಶ ಬಂದಾಗ ಅಸಲಿಯೇ ಎಂಬ ಅನುಮಾನ ಬಂದರೆ ಒಂದು ಗುರುತಿದೆ. ಸರ್ಕಾರಿ ಎಸ್‌ಎಂಎಸ್ ಕಳಿಸುವವರ ಹೆಸರಿನ ಕೊನೆಯಲ್ಲಿ -G ಇರುತ್ತದೆ. ಬ್ರಾಡ್‌ಕಾಸ್ಟ್ ಯಾವ ನಂಬರಿನಿಂದಲೂ ಬಂದಂತೆ ಕಾಣುವುದಿಲ್ಲ. ಎರಡೂ ಒಟಿಪಿ ಕೇಳುವುದಿಲ್ಲ. ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳಬಹುದು.

ಫೋನ್ ಬದಲಿಸಿದಾಗ, ದೊಡ್ಡ ಅಪ್‌ಡೇಟ್ ಆದಾಗ, ರಿಪೇರಿಗೆ ಕೊಟ್ಟು ತಂದಾಗ ಈ ಸ್ವಿಚ್ಚುಗಳನ್ನು ಮತ್ತೆ ನೋಡಿ. ಜೂನ್ ಹಿಡಿಯುವ ಮೊದಲು ಮನೆಯ ಹಿರಿಯರ ಫೋನ್‌ಗಳಿಂದ ಶುರುಮಾಡಿ. ಅವರ ಫೋನ್‌ಗಳಲ್ಲೇ ಸದ್ದು ಹೆಚ್ಚಾಗಿ ಇಳಿದಿರುತ್ತದೆ, ಹೊಳೆಯ ಪಕ್ಕದ ಮನೆಯಲ್ಲಿ ಹೆಚ್ಚಾಗಿ ಒಂಟಿಯಾಗಿ ಉಳಿಯುವವರೂ ಅವರೇ.