ಅಯಾನಿನ ಸುತ್ತ ನೀರಿನ ಕವಚ

ನೀರಿನಲ್ಲಿ ಕರಗಿದ ಲವಣದ ಅಯಾನುಗಳು ಒಂಟಿಯಾಗಿ ತೇಲಾಡುವುದಿಲ್ಲ. ನೀರಿನ ಅಣುವಿನಲ್ಲಿ ಆಕ್ಸಿಜನ್ ಇರುವ ಕಡೆ ತುಸು ಋಣಾವೇಶ, ಹೈಡ್ರೋಜನ್‌ಗಳಿರುವ ಕಡೆ ತುಸು ಧನಾವೇಶ ಇರುತ್ತದೆ. ಹೀಗಾಗಿ ಧನ ಅಯಾನಿನ ಸುತ್ತ ನೀರಿನ ಅಣುಗಳು ಆಕ್ಸಿಜನ್ ತುದಿಯನ್ನು ಒಳಮುಖವಾಗಿಸಿ ನೆರೆಯುತ್ತವೆ. ಈ ಸುತ್ತುಗಟ್ಟಿಗೆ ಜಲಕವಚ ಎಂದು ಹೆಸರು. ಮೆಗ್ನೀಸಿಯಂ ಅಯಾನಿನ ಮೊದಲ ಕವಚದಲ್ಲಿ ಆರು ಅಣುಗಳಿರುತ್ತವೆ: ಮೇಲೆ, ಕೆಳಗೆ ಒಂದೊಂದು, ನಡುವೆ ನಾಲ್ಕು. ಅವುಗಳಾಚೆ ಎರಡನೆಯ ಸುತ್ತೂ ಉಂಟು, ಆದರೆ ಅಲ್ಲಿ ಬಿಗಿ ಕಡಿಮೆ.

ಎಲ್ಲ ಅಯಾನುಗಳ ಕವಚವೂ ಒಂದೇ ಸಮನೆ ಗಟ್ಟಿಯಲ್ಲ. ಅದನ್ನು ತೀರ್ಮಾನಿಸುವುದು ಎರಡು ಸಂಗತಿ: ಅಯಾನಿನ ಆವೇಶ ಎಷ್ಟು, ನೀರಿನ ಅಣು ಅದಕ್ಕೆ ಎಷ್ಟು ಹತ್ತಿರ ಬರಬಲ್ಲದು. ಲಿಥಿಯಂ, ಪೊಟ್ಯಾಸಿಯಂ ಅಯಾನುಗಳೆರಡಕ್ಕೂ ಆವೇಶ ಒಂದೇ. ಆದರೆ ಲಿಥಿಯಂನ ತ್ರಿಜ್ಯ ಸುಮಾರು 76 ಪಿಕೋಮೀಟರ್, ಪೊಟ್ಯಾಸಿಯಂನದು 138. ಚಿಕ್ಕ ಅಯಾನಿನ ಕೇಂದ್ರಕ್ಕೆ ನೀರು ಹತ್ತಿರ ಸರಿಯುವುದರಿಂದ ಸೆಳೆತ ಹೆಚ್ಚು. ಒಂದು ಮೋಲ್ ಅಯಾನುಗಳನ್ನು ನೀರು ಆವರಿಸಿಕೊಂಡಾಗ ಲಿಥಿಯಂನಿಂದ ಸುಮಾರು 520 ಕಿಲೋಜೂಲ್ ಶಾಖ ಹೊರಬಂದರೆ, ಪೊಟ್ಯಾಸಿಯಂನಿಂದ ಬರುವುದು 320ರಷ್ಟೇ.

ಆವೇಶದ ಪ್ರಭಾವ ಇನ್ನೂ ದೊಡ್ಡದು. ಮೆಗ್ನೀಸಿಯಂ ಅಯಾನಿನ ತ್ರಿಜ್ಯ 72 ಪಿಕೋಮೀಟರ್, ಹೆಚ್ಚುಕಡಿಮೆ ಲಿಥಿಯಂನಷ್ಟೇ. ಆವೇಶ ಮಾತ್ರ ಎರಡರಷ್ಟು. ಶಾಖ ಇಮ್ಮಡಿಯಾಗಬೇಕು ಎಂದು ಯಾರಿಗಾದರೂ ಅನ್ನಿಸೀತು. ಹಾಗಾಗುವುದಿಲ್ಲ. ಆವೇಶ ಹೆಚ್ಚಿದಷ್ಟೂ ಸುತ್ತಲಿನ ನೀರು ಹೆಚ್ಚು ಶಿಸ್ತಾಗಿ ತಿರುಗಿ ನಿಲ್ಲುತ್ತದೆ, ಹಾಗೆ ತಿರುಗಿ ನಿಂತ ನೀರನ್ನು ಅದೇ ಹೆಚ್ಚಿದ ಆವೇಶ ಮತ್ತೆ ಎಳೆಯುತ್ತದೆ. ಆವೇಶ ಎರಡು ಸಲ ಕೆಲಸ ಮಾಡುವುದರಿಂದ ಪರಿಣಾಮ ನಾಲ್ಕು ಪಟ್ಟು. 520ರ ನಾಲ್ಕು ಪಟ್ಟು 2080. ಅಳತೆಯಲ್ಲಿ ಸಿಗುವುದು ಸುಮಾರು 1920. ನೀರನ್ನು ಬಿಡಿ ಅಣುಗಳಾಗಿ ನೋಡದೆ ಏಕರೂಪದ ದ್ರವವೆಂದು ಭಾವಿಸುವ ಇಷ್ಟು ಸರಳ ಲೆಕ್ಕ ಇಷ್ಟು ಹತ್ತಿರ ಬರುವುದೇ ಸೊಗಸು.

ಕವಚದ ಅಣುಗಳು ಖಾಯಂ ಅಲ್ಲ, ಅದಲುಬದಲಾಗುತ್ತಲೇ ಇರುತ್ತವೆ. ಪೊಟ್ಯಾಸಿಯಂನ ಕವಚದಲ್ಲಿ ಒಂದು ಅಣು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಷ್ಟು ಹೊತ್ತೂ ನಿಲ್ಲುವುದಿಲ್ಲ. ಮೆಗ್ನೀಸಿಯಂನಲ್ಲಿ ಅದು ಸೆಕೆಂಡಿನ ಹತ್ತು ಲಕ್ಷದ ಒಂದೆರಡು ಭಾಗದ ಆಸುಪಾಸು, ಅಂದರೆ ಸಾವಿರಾರು ಪಟ್ಟು ದೀರ್ಘ. ಮೂರು ಆವೇಶದ ಪುಟ್ಟ ಅಲ್ಯೂಮಿನಿಯಂ ಅಯಾನಿನಲ್ಲಂತೂ ಹೆಚ್ಚುಕಡಿಮೆ ಒಂದು ಸೆಕೆಂಡ್.

ಈ ಬಿಗಿಹಿಡಿತ ಕಣ್ಣಿಗೆ ಕಾಣುವುದು ಕಲ್ಲುಪ್ಪಿನಲ್ಲಿ. ಸಮುದ್ರದ ನೀರಿನಿಂದ ತೆಗೆದ, ಶುದ್ಧ ಮಾಡದ ಉಪ್ಪು ಮಳೆಗಾಲದಲ್ಲಿ ಒದ್ದೆಯಾಗಲು ಮುಖ್ಯ ಕಾರಣ ಅದರಲ್ಲಿ ಉಳಿದ ಮೆಗ್ನೀಸಿಯಂ ಕ್ಲೋರೈಡ್. ಗಾಳಿಯ ತೇವವನ್ನು ಅದು ಎಳೆದುಕೊಳ್ಳುತ್ತದೆ. ಆರು ನೀರಿನ ಅಣುಗಳನ್ನು ಹೊತ್ತ ಅದರ ಹರಳನ್ನು ಕಾಯಿಸಿದರೆ ಒಂದಿಷ್ಟು ನೀರು ಆವಿಯಾಗಿ ಹೋಗುತ್ತದೆ. ಉಳಿದದ್ದು ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಅಯಾನಿನ ಎಳೆತಕ್ಕೆ ಆ ನೀರಿನ ಅಣುವೇ ಒಡೆದು, ಅದರ ಹೈಡ್ರೋಜನ್ ಕ್ಲೋರೈಡಿನೊಡನೆ ಸೇರಿ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬೀಳುತ್ತದೆ; ಆಕ್ಸಿಜನ್ ಮೆಗ್ನೀಸಿಯಂ ಜೊತೆಗೇ ಉಳಿಯುತ್ತದೆ. ಅದಕ್ಕೇ ನೀರಿಲ್ಲದ ಮೆಗ್ನೀಸಿಯಂ ಕ್ಲೋರೈಡ್ ಬೇಕಾದಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹಾಯಿಸುತ್ತ ಒಣಗಿಸುವ ಪದ್ಧತಿಯಿದೆ.